ಶೇ. 12 ಬಿದ್ದಿದ್ದು ಎಲ್ಲಿ?

‘ನಮ್ಮ ಚಹಾಪುಡಿಯ ಮಾರಾಟ ಉತ್ತರ ಕರ್ನಾಟಕದಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳಲ್ಲಿ ಶೇ. 12ರಷ್ಟು ಬಿದ್ದಿದೆ. ಕಾರಣ ಏನಿರಬಹುದು? ಆ ಭಾಗದ ಹೊಣೆ ನಿಮ್ಮದಾಗಿದ್ದರೆ ಏನು ಮಾಡುತ್ತೀರಿ?’

ದಿನಬಳಕೆಯ ಸಾಮಾನು ತಯಾರಿಸುವ ಕಂಪನಿಗಳು ಎಂಬಿಎ ಮುಗಿಸಿದವರನ್ನು ಮಾರ್ಕೆಟಿಂಗ್ ವಿಭಾಗದ ಮ್ಯಾನೇಜ್‌ಮೆಂಟ್ ಟ್ರೈನಿಯಾಗಿ ಆರಿಸುವಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ. ಸಾಮಾನು ಸೋಪು, ಬಿಸ್ಕತ್ತು, ತಲೆಗೆ ಹಚ್ಚುವ ಎಣ್ಣೆ ಯಾವುದಾದರೂ ಆಗಬಹುದು. ಇದಕ್ಕೆ ಕೇಸ್ ಸಂದರ್ಶನ ಎನ್ನುತ್ತಾರೆ. ಅಭ್ಯರ್ಥಿಯ ಕೈಯಲ್ಲಿ ಒಂದು ಬಿಳಿ ಹಾಳೆ, ಪೆನ್ನು ಮತ್ತು ಅರ್ಧ ಗಂಟೆಯಷ್ಟು ಸಮಯ ಇರುತ್ತದೆ. ಅಂಕಿಅಂಶಗಳು ಇರುವುದು ಎದುರು ಕೂತವರ ಬಳಿ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಕೊಡುವುದಿಲ್ಲ.

ಬಹಳ ಜನ ಇಲ್ಲಿ ತಕ್ಷಣ ಹಾಳೆಯನ್ನು ನಾಲ್ಕು ಭಾಗ ಮಾಡಿ ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ ಎಂದು ಬರೆದುಕೊಳ್ಳುತ್ತಾರೆ. ಮಾರ್ಕೆಟಿಂಗ್ ಓದಿದವರಿಗೆಲ್ಲ ಗೊತ್ತಿರುವ ‘ನಾಲ್ಕು ಪಿ’ ಇದು. ಜೆರೋಮ್ ಮೆಕಾರ್ಥಿ 1960ರಲ್ಲಿ ತಮ್ಮ ಪಠ್ಯಪುಸ್ತಕದಲ್ಲಿ ಇದನ್ನು ಮುಂದಿಟ್ಟರು, ಫಿಲಿಪ್ ಕೋಟ್ಲರ್ ಪುಸ್ತಕಗಳಿಂದ ಜಗತ್ತಿಗೆಲ್ಲ ಹರಡಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಸಾಮಾನನ್ನು ಮಾರಲು ಕಂಪನಿ ಏನೇನು ತೀರ್ಮಾನ ಮಾಡಬೇಕು ಎಂಬುದರ ಪಟ್ಟಿ ಅದು. ಮಾರಾಟ ಬಿದ್ದದ್ದು ಎಲ್ಲಿ ಎಂದು ಹುಡುಕಲು ಅದನ್ನು ಮಾಡಿದ್ದಲ್ಲ. ನಾಲ್ಕು ಭಾಗದಲ್ಲೂ ಕಾರಣ ತುಂಬಿಸುತ್ತ ಹೋದರೆ ಐದೇ ನಿಮಿಷದಲ್ಲಿ ಹತ್ತು ಹನ್ನೆರಡು ಕಾರಣಗಳು ಸಿಗುತ್ತವೆ. ರುಚಿ ಬದಲಾಗಿರಬಹುದು, ಬೆಲೆ ಜಾಸ್ತಿಯಾಗಿರಬಹುದು, ಎದುರಾಳಿ ಜಾಹೀರಾತು ಮಾಡಿರಬಹುದು, ಜನ ಕಾಫಿಗೆ ಹೋಗಿರಬಹುದು. ಎಲ್ಲವೂ ಆಗಬಹುದಾದವೇ. ಆದರೆ ಅವುಗಳಲ್ಲಿ ಯಾವುದು ಆಗಿದೆ ಎಂದು ಹೇಳಲು ಆ ಹಾಳೆಯಲ್ಲಿ ದಾರಿ ಇರುವುದಿಲ್ಲ. ಸಂದರ್ಶಕರು ‘ಸರಿ, ಮೊದಲು ಯಾವುದನ್ನು ನೋಡುತ್ತೀರಿ?’ ಎಂದು ಕೇಳಿದ ಕೂಡಲೇ ಮಾತು ನಿಂತುಹೋಗುತ್ತದೆ.

ಕಾರಣಕ್ಕಿಂತ ಮೊದಲು ಜಾಗ ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿದ್ದದ್ದು ಎಷ್ಟು, ಎಲ್ಲಿ, ಯಾವ ಅಂಗಡಿಯಲ್ಲಿ, ಯಾವ ಪೊಟ್ಟಣದಲ್ಲಿ ಎಂದು ಕಿರಿದು ಮಾಡುತ್ತ ಹೋದರೆ ‘ಏಕೆ’ ಎಂಬ ಪ್ರಶ್ನೆಗೆ ಉಳಿಯುವ ಉತ್ತರಗಳು ಎರಡೋ ಮೂರೋ ಅಷ್ಟೆ. ಚಹಾಪುಡಿಯ ಈ ಕೇಸನ್ನೇ ಕೊನೆಯವರೆಗೆ ಬಿಡಿಸಿ ನೋಡೋಣ. ಕಂಪನಿ ಕಾಲ್ಪನಿಕ, ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಎಂದು ನಾನೇ ಹೊಂದಿಸಿದ್ದೇನೆ. ಆದರೆ ಲೆಕ್ಕದ ದಾರಿ ಮತ್ತು ಎದುರಾಗುವ ತೊಡಕುಗಳು ಮಾರುಕಟ್ಟೆಯಲ್ಲಿ ದಿನವೂ ಕಾಣುವಂಥವೇ.

ಅಭ್ಯರ್ಥಿ ಒಬ್ಬ ಹುಡುಗಿ ಎಂದುಕೊಳ್ಳೋಣ. ಅವಳ ಮೊದಲ ಪ್ರಶ್ನೆ: ‘ಸರ್, ಶೇ. 12 ಅಂದರೆ ರೂಪಾಯಿಯಲ್ಲೋ, ತೂಕದಲ್ಲೋ?’

ಇದು ಸಣ್ಣ ಪ್ರಶ್ನೆಯಲ್ಲ. ಹತ್ತು ರೂಪಾಯಿಯ ಪೊಟ್ಟಣ ಹತ್ತೇ ರೂಪಾಯಿಗೆ ಸಿಗಬೇಕು, ಇಲ್ಲದಿದ್ದರೆ ಗಿರಾಕಿ ಮುಟ್ಟುವುದಿಲ್ಲ. ಆದ್ದರಿಂದ ಚಹಾ ಎಲೆಯ ಬೆಲೆ ಏರಿದಾಗ ಕಂಪನಿ ಪೊಟ್ಟಣದ ಬೆಲೆ ಏರಿಸುವ ಬದಲು ಒಳಗಿನ ಪುಡಿಯನ್ನು ಕೆಲವು ಗ್ರಾಂ ಕಡಿಮೆ ಮಾಡುತ್ತದೆ. ಆಗ ಅಷ್ಟೇ ಪೊಟ್ಟಣ ಮಾರಾಟವಾದರೂ ಟನ್ ಲೆಕ್ಕದಲ್ಲಿ ಇಳಿಕೆ ಕಾಣುತ್ತದೆ. ಒಬ್ಬ ಗಿರಾಕಿಯೂ ಬಿಟ್ಟುಹೋಗಿರುವುದಿಲ್ಲ. ಹಾಗೆಯೇ ದೊಡ್ಡ ಪೊಟ್ಟಣದ ಬೆಲೆ ಇಳಿಸಿದ್ದರೆ ತೂಕ ಅಷ್ಟೇ ಇದ್ದು ರೂಪಾಯಿ ಮಾತ್ರ ಬಿದ್ದಿರುತ್ತದೆ. ಸಂದರ್ಶಕರ ಉತ್ತರ: ‘ತೂಕದಲ್ಲಿ. ಬೆಲೆಯಾಗಲಿ ಗ್ರಾಂ ಆಗಲಿ ಈ ವರ್ಷ ಬದಲಾಗಿಲ್ಲ.’ ಒಂದೇ ಪ್ರಶ್ನೆಗೆ ಬೆಲೆಯ ಮಾತು ಹಾಳೆಯಿಂದ ಹೊರಬಿತ್ತು.

ಎರಡನೆಯದು: ‘ಯಾವುದಕ್ಕೆ ಹೋಲಿಸಿದರೆ?’ ಹಿಂದಿನ ಮೂರು ತಿಂಗಳಿಗೋ, ಹೋದ ವರ್ಷದ ಇದೇ ಮೂರು ತಿಂಗಳಿಗೋ? ಚಹಾ ಚಳಿಗಾಲದಲ್ಲಿ ಹೆಚ್ಚು ಖರ್ಚಾಗುತ್ತದೆ, ಬೇಸಿಗೆ ಹತ್ತಿರ ಬಂದಂತೆ ಇಳಿಯುತ್ತದೆ. ಡಿಸೆಂಬರ್‌ಗೂ ಮಾರ್ಚ್‌ಗೂ ಹೋಲಿಸಿದರೆ ಇಳಿಕೆ ಕಾಣುವುದು ಸಹಜ. ಹೋದ ವರ್ಷದ ಇದೇ ಅವಧಿಗೆ ಹೋಲಿಸಿದಾಗಲೂ ಹಬ್ಬಗಳು ಜರುಗಿರುವುದನ್ನು ಗಮನಿಸಬೇಕು. ದೀಪಾವಳಿ 2023ರಲ್ಲಿ ನವೆಂಬರ್ ನಡುವೆ ಬಂತು, 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೇ ಬಂತು. ಹಬ್ಬದ ಸರಕು ಕಂಪನಿಯ ಗೋದಾಮಿನಿಂದ ಕೆಲವು ವಾರ ಮೊದಲೇ ಹೊರಡುವುದರಿಂದ, ಈ ಜರುಗಾಟ ಒಂದು ತಿಂಗಳ ಲೆಕ್ಕವನ್ನು ಪೂರ್ತಿ ತಲೆಕೆಳಗು ಮಾಡಬಲ್ಲದು. ನಮ್ಮ ಕೇಸಿನಲ್ಲಿ ಹೋಲಿಕೆ ಹೋದ ವರ್ಷದ ಇದೇ ಮೂರು ತಿಂಗಳಿಗೆ, ಆಗ 500 ಟನ್, ಈಗ 440. ಈ ಅವಧಿಯಲ್ಲಿ ಚಹಾದ ಮಾರಾಟವನ್ನು ಅಲುಗಾಡಿಸುವ ದೊಡ್ಡ ಹಬ್ಬವೂ ಇಲ್ಲ.

ಇನ್ನು ಮೂರನೆಯ ಪ್ರಶ್ನೆ. ಈ ಇಡೀ ಕೇಸು ನಿಂತಿರುವುದು ಇದರ ಮೇಲೆ, ಬಹುಪಾಲು ಅಭ್ಯರ್ಥಿಗಳು ಕೇಳದೆ ಬಿಡುವುದೂ ಇದನ್ನೇ. ‘ಈ 440 ಟನ್ ಯಾರು ಯಾರಿಗೆ ಮಾರಿದ್ದು?’

ಕಂಪನಿ ತನ್ನ ಸರಕನ್ನು ನೇರವಾಗಿ ಕಿರಾಣಿ ಅಂಗಡಿಗೆ ಕೊಡುವುದು ಅಪರೂಪ. ಮೊದಲು ಡಿಸ್ಟ್ರಿಬ್ಯೂಟರ್‌ಗೆ ಬಿಲ್ ಮಾಡುತ್ತದೆ. ಇದು ಪ್ರೈಮರಿ ಮಾರಾಟ. ಡಿಸ್ಟ್ರಿಬ್ಯೂಟರ್ ಅಂಗಡಿಗಳಿಗೆ ಕೊಡುವುದು ಸೆಕೆಂಡರಿ. ಅಂಗಡಿಯಿಂದ ಮನೆಗೆ ಹೋಗುವುದು ಮೂರನೆಯದು. ಕಂಪನಿಯ ಲೆಕ್ಕಪುಸ್ತಕದಲ್ಲಿ ‘ಮಾರಾಟ’ ಎಂದು ದಾಖಲಾಗುವುದು ಮೊದಲನೆಯದು ಮಾತ್ರ. ಬೋರ್‌ವೆಲ್‌ನಿಂದ ಮನೆಯ ಮೇಲಿನ ಟ್ಯಾಂಕಿಗೆ ಇವತ್ತು ಎಷ್ಟು ನೀರು ಏರಿತು ಎಂಬುದನ್ನು ನೋಡಿ ಮನೆಯವರು ಎಷ್ಟು ನೀರು ಖರ್ಚು ಮಾಡಿದರು ಎಂದು ಹೇಳಲಾಗದು. ಟ್ಯಾಂಕು ತುಂಬಿದ್ದರೆ ಪಂಪ್ ಹಾಕುವುದೇ ಇಲ್ಲ, ನಲ್ಲಿ ಮಾತ್ರ ಎಂದಿನಂತೆ ಹರಿಯುತ್ತಿರುತ್ತದೆ. ಇಲ್ಲಿ ಟ್ಯಾಂಕು ಎಂದರೆ ಡಿಸ್ಟ್ರಿಬ್ಯೂಟರ್‌ನ ಗೋದಾಮು.

ಇಡೀ ದೇಶವೇ ಇದನ್ನು ಒಮ್ಮೆ ನೋಡಿದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬರುವ ಮುಂಚಿನ ವಾರಗಳಲ್ಲಿ ಡಿಸ್ಟ್ರಿಬ್ಯೂಟರ್‌ಗಳು, ಸಗಟು ವ್ಯಾಪಾರಿಗಳು ಹೊಸ ಸರಕು ಕೊಳ್ಳುವುದನ್ನು ಕಡಿಮೆ ಮಾಡಿದರು. ಹಳೆಯ ತೆರಿಗೆಯಲ್ಲಿ ಕೊಂಡ ಸರಕು ಹೊಸ ತೆರಿಗೆಯಲ್ಲಿ ಉಳಿದುಕೊಂಡರೆ ಏನಾಗುವುದೋ ಎಂಬ ಅಳುಕು ಅವರಿಗೆ. ಇದ್ದ ಸರಕನ್ನೇ ಖಾಲಿ ಮಾಡುತ್ತ ಕೂತರು. ಮನೆಗಳಲ್ಲಿ ಜನ ಎಂದಿನಂತೆ ಸ್ನಾನ ಮಾಡಿದರು, ಬಟ್ಟೆ ಒಗೆದರು. ಆದರೂ ಆ ತ್ರೈಮಾಸಿಕದಲ್ಲಿ ದಿನಬಳಕೆ ಸಾಮಾನಿನ ಕಂಪನಿಗಳ ಮಾರಾಟಕ್ಕೆ ಪೆಟ್ಟು ಬಿತ್ತು. ಅಂಥ ಹೊತ್ತಿನಲ್ಲಿ ‘ಗಿರಾಕಿಗೆ ನಮ್ಮ ಸೋಪು ಬೇಡವಾಗಿದೆ’ ಎಂದು ಹೊಸ ಜಾಹೀರಾತು ಮಾಡಿದ್ದರೆ ಆ ದುಡ್ಡು ನೀರಿನಲ್ಲಿ ಹೋಮ ಮಾಡಿದಂತೆ.

ನಮ್ಮ ಹುಡುಗಿ ಕೇಳಿದ್ದಕ್ಕೆ ಸಂದರ್ಶಕರು ಹೇಳುತ್ತಾರೆ: ‘500 ಮತ್ತು 440 ಪ್ರೈಮರಿ. ಸೆಕೆಂಡರಿ ಹೋದ ವರ್ಷ 490 ಟನ್ ಇತ್ತು, ಈ ವರ್ಷ 466.’

ಇಲ್ಲಿ ಅವಳು ಒಂದು ನಿಮಿಷ ಸುಮ್ಮನೆ ಕೂತು ಲೆಕ್ಕ ಹಾಕಬೇಕು. ಹೋದ ವರ್ಷ ಡಿಸ್ಟ್ರಿಬ್ಯೂಟರ್‌ಗಳು 500 ಟನ್ ಕೊಂಡು 490 ಮಾರಿದರು, ಅಂದರೆ ಗೋದಾಮಿನಲ್ಲಿ 10 ಟನ್ ಹೆಚ್ಚಾಯಿತು. ಈ ವರ್ಷ 440 ಕೊಂಡು 466 ಮಾರಿದರು, ಗೋದಾಮಿನಿಂದ 26 ಟನ್ ಕರಗಿತು. ಹತ್ತು ಏರುವ ಕಡೆ ಇಪ್ಪತ್ತಾರು ಇಳಿದಿದೆ. ಕಂಪನಿಗೆ ಕಾಣುತ್ತಿರುವ 60 ಟನ್ ಇಳಿಕೆಯಲ್ಲಿ 36 ಟನ್ ಈ ಗೋದಾಮಿನ ಆಟ. ಅಂಗಡಿಗೆ ಹೋಗುವ ಸರಕು ಬಿದ್ದಿರುವುದು 24 ಟನ್ ಮಾತ್ರ, ಅಂದರೆ ಶೇ. 5ರ ಆಸುಪಾಸು.

‘ಸರ್, ಶೇ. 12 ಎಂಬುದು ಎರಡು ಬೇರೆ ಬೇರೆ ಸಮಸ್ಯೆಗಳ ಮೊತ್ತ. ದೊಡ್ಡ ಭಾಗ ಡಿಸ್ಟ್ರಿಬ್ಯೂಟರ್‌ಗಳ ಸ್ಟಾಕಿನದು, ಚಿಕ್ಕ ಭಾಗ ಅಂಗಡಿಯದು. ಅಂಗಡಿಯದ್ದನ್ನು ಮೊದಲು ನೋಡುತ್ತೇನೆ, ಏಕೆಂದರೆ ಸ್ಟಾಕು ಒಂದು ಹಂತಕ್ಕೆ ಇಳಿದ ಮೇಲೆ ಅವರು ಮತ್ತೆ ಕೊಳ್ಳಲೇಬೇಕು. ಅಂಗಡಿಯಲ್ಲಿ ಕಳೆದುಕೊಂಡದ್ದು ತಾನಾಗಿ ಬರುವುದಿಲ್ಲ. ಆಮೇಲೆ ಸ್ಟಾಕಿನ ವಿಷಯಕ್ಕೆ ಬರುತ್ತೇನೆ.’ ಸಂದರ್ಶನ ಶುರುವಾಗಿ ಐದಾರು ನಿಮಿಷವಾಗಿರುವಾಗ ಇಷ್ಟು ಸ್ಪಷ್ಟವಾಗಿ ಹೇಳಿದರೆ, ಮುಂದಿನ ದಾರಿ ಏನೆಂಬುದು ಎದುರಿನವರಿಗೂ ತಿಳಿಯುತ್ತದೆ. ಹೀಗೆ ನಡುನಡುವೆ ನಿಂತು ‘ಇಲ್ಲಿಯವರೆಗೆ ಇಷ್ಟು ಗೊತ್ತಾಯಿತು, ಇನ್ನು ಇದನ್ನು ನೋಡುತ್ತೇನೆ’ ಎಂದು ಹೇಳುವುದು ಮುಖ್ಯ. ಮನಸ್ಸಿನಲ್ಲೇ ಲೆಕ್ಕ ಮಾಡಿ ಕೊನೆಗೆ ಉತ್ತರ ಒಪ್ಪಿಸಿದರೆ, ಉತ್ತರ ಸರಿಯಿದ್ದರೂ ಯೋಚನೆಯ ಹಾದಿ ಕಾಣುವುದಿಲ್ಲ.

ಮುಂದಕ್ಕೆ ಹೋಗುವ ಮುಂಚೆ ಇನ್ನೊಂದು ಮಾತು ಕೇಳಿಕೊಳ್ಳಬೇಕು. ಇಳಿದಿರುವುದು ನಮ್ಮ ಚಹಾ ಮಾತ್ರವೋ, ಎಲ್ಲರ ಚಹಾವೋ? ಇದಕ್ಕೆ ಅಂಗಡಿಗಳ ಮಾದರಿಯಿಂದ ಮಾರಾಟ ಅಳೆಯುವ ನೀಲ್ಸನ್‌ಐಕ್ಯೂ, ಮನೆಗಳ ಖರೀದಿ ದಾಖಲಿಸುವ ಕಾಂಟಾರ್‌ನಂಥ ಸಂಸ್ಥೆಗಳ ವರದಿಗಳು ಕಂಪನಿಯ ಕೈಯಲ್ಲಿರುತ್ತವೆ. ಎಲ್ಲರದೂ ಇಳಿದಿದ್ದರೆ ನಮ್ಮ ಪಾಲು ಹಾಗೇ ಇರುತ್ತದೆ, ಆಗ ಹುಡುಕಬೇಕಾದ್ದು ಮಳೆ ಬೆಳೆ, ಕೂಲಿ, ಜನರ ಕೈಯ ಕಾಸನ್ನು. ಈ ಕೇಸಿನಲ್ಲಿ ಒಟ್ಟು ಚಹಾ ಮಾರುಕಟ್ಟೆ ಅಲ್ಲಾಡಿಲ್ಲ, ನಮ್ಮ ಪಾಲು ಇಳಿದಿದೆ. ಆದರೆ ಇಂಥ ವರದಿಗಳು ರಾಜ್ಯಮಟ್ಟದಲ್ಲಿ ನಂಬಲು ಚೆನ್ನ, ಒಂದು ತಾಲ್ಲೂಕಿನ ಬಗ್ಗೆ ಅವುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಅಷ್ಟು ಕೆಳಗಿಳಿದಾಗ ಮಾದರಿಯಲ್ಲಿ ಉಳಿಯುವ ಅಂಗಡಿಗಳು ತೀರ ಕಡಿಮೆ. ಅಲ್ಲಿಂದ ಕೆಳಗೆ ನೋಡಲು ಡಿಸ್ಟ್ರಿಬ್ಯೂಟರ್‌ನ ಬಿಲ್ಲುಗಳೇ ಆಧಾರ.

ಈಗ 24 ಟನ್ನನ್ನು ಜಾಗದ ಮೇಲೆ ಹರಡಬೇಕು. ಬೆಳಗಾವಿ, ಹುಬ್ಬಳ್ಳಿ ಕಡೆ ಸೇರಿ 4 ಟನ್ ಇಳಿದಿದೆ, ಕಲಬುರಗಿ ಕಡೆ 20. ನಾಲ್ಕು ಟನ್ನನ್ನು ಸದ್ಯಕ್ಕೆ ಬಿಟ್ಟುಬಿಡಬೇಕು. ಅಷ್ಟು ಏರಿಳಿತ ಯಾವ ವರ್ಷವಾದರೂ ಇರುತ್ತದೆ, ಅದರ ಬೆನ್ನು ಹತ್ತಿದರೆ ಅರ್ಧ ಗಂಟೆ ಸಾಲದು. ಕಲಬುರಗಿಯ ಇಪ್ಪತ್ತನ್ನು ಪೊಟ್ಟಣದ ಲೆಕ್ಕದಲ್ಲಿ ಒಡೆದರೆ, ಕಾಲು ಕೆಜಿ ಮತ್ತು ಅರ್ಧ ಕೆಜಿಯ ಪೊಟ್ಟಣಗಳು ಇದ್ದ ಹಾಗೇ ಇವೆ. ಬಿದ್ದಿರುವುದು ಚಿಲ್ಲರೆ ಪೊಟ್ಟಣ, ಹಳ್ಳಿಯ ಅಂಗಡಿಗಳಲ್ಲಿ ಮಾಲೆಯಾಗಿ ತೂಗುಹಾಕಿರುತ್ತಾರಲ್ಲ, ಅದು. ನೂರು ಟನ್ ಇದ್ದದ್ದು ಎಂಬತ್ತಾಗಿದೆ.

ಇಲ್ಲಿಂದ ಒಂದು ಪುಟ್ಟ ಗುಣಾಕಾರ ಬೇಕು. ಒಂದು ಭಾಗದ ಮಾರಾಟ ಎಂದರೆ ಕೊಳ್ಳುವ ಅಂಗಡಿಗಳ ಸಂಖ್ಯೆ, ಪ್ರತಿ ಅಂಗಡಿ ಕೊಳ್ಳುವ ಪ್ರಮಾಣ, ಇವೆರಡರ ಗುಣಲಬ್ಧ. ಹೋದ ವರ್ಷ 4,000 ಅಂಗಡಿಗಳು ಮೂರು ತಿಂಗಳಿಗೆ ಸರಾಸರಿ 25 ಕೆಜಿ ಕೊಂಡಿದ್ದವು, ಅದೇ ನೂರು ಟನ್. ಈ ವರ್ಷ ಎಂಬತ್ತಾಗಲು ಎರಡು ದಾರಿಗಳಿವೆ. ಅಷ್ಟೇ ಅಂಗಡಿಗಳು 20 ಕೆಜಿಯಂತೆ ಕೊಂಡಿರಬಹುದು, ಅಥವಾ ಅಂಗಡಿಗಳೇ 3,200ಕ್ಕೆ ಇಳಿದಿರಬಹುದು. ಮೊತ್ತ ಒಂದೇ ಆದರೂ ಎರಡರ ಅರ್ಥ ಬೇರೆ ಬೇರೆ. ಎಲ್ಲ ಅಂಗಡಿಯಲ್ಲೂ ಸ್ವಲ್ಪ ಸ್ವಲ್ಪ ಇಳಿದಿದ್ದರೆ ಗಿರಾಕಿ ಬೇರೆ ಚಹಾದ ಕಡೆ ವಾಲುತ್ತಿದ್ದಾನೆ, ರುಚಿಯೋ ಎದುರಾಳಿಯ ಕೊಡುಗೆಯೋ ಕಾರಣವಿರಬೇಕು. ಕೆಲವು ಅಂಗಡಿಗಳು ಪೂರ್ತಿ ನಿಂತು ಉಳಿದವು ಮೊದಲಿನಷ್ಟೇ ಕೊಳ್ಳುತ್ತಿದ್ದರೆ ಸರಕು ಅಂಗಡಿಯನ್ನೇ ತಲುಪುತ್ತಿಲ್ಲ. ರುಚಿ ಕೆಟ್ಟಿದ್ದರೆ ಎಂಟುನೂರು ಅಂಗಡಿಯ ಗಿರಾಕಿಗಳಿಗೆ ಮಾತ್ರ ಕೆಟ್ಟು ಉಳಿದ 3,200 ಅಂಗಡಿಯವರಿಗೆ ಚೆನ್ನಾಗಿರಲು ಹೇಗೆ ಸಾಧ್ಯ?

ಸಂದರ್ಶಕರ ಕಾಗದದಲ್ಲಿ ಇರುವುದು 3,200.

‘ಆ 800 ಅಂಗಡಿಗಳು ಅಲ್ಲಲ್ಲಿ ಚದುರಿವೆಯೋ, ಒಂದೇ ಕಡೆ ಇವೆಯೋ?’ ಎಂಬುದು ಅವಳ ಮುಂದಿನ ಪ್ರಶ್ನೆ. ಬಹುತೇಕ ಎಲ್ಲವೂ ಸೇಡಂ, ಚಿಂಚೋಳಿ ತಾಲ್ಲೂಕಿನವು, ಒಬ್ಬರೇ ಡಿಸ್ಟ್ರಿಬ್ಯೂಟರ್‌ಗೆ ಸೇರಿದವು.

ಡಿಸ್ಟ್ರಿಬ್ಯೂಟರ್‌ನ ಕೆಲಸ ನಡೆಯುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಕೈಕೆಳಗಿನ ಸೇಲ್ಸ್‌ಮನ್ ದಿನಕ್ಕೊಂದು ಬೀಟ್ ಮಾಡುತ್ತಾನೆ. ಒಂದು ಬೀಟ್ ಎಂದರೆ ಒಂದು ದಿನದಲ್ಲಿ ಸುತ್ತಿ ಮುಗಿಸಬಹುದಾದ ನಲವತ್ತು ಅಂಗಡಿಗಳಷ್ಟು. ವಾರಕ್ಕೆ ಆರು ದಿನ, ಹದಿನೈದು ದಿನಕ್ಕೊಮ್ಮೆ ಅದೇ ಅಂಗಡಿಗೆ ಮತ್ತೆ ಬರುವ ಹಾಗಿದ್ದರೆ ಒಬ್ಬನಿಗೆ ಹನ್ನೆರಡು ಬೀಟ್, 480 ಅಂಗಡಿ. ಎಂಟುನೂರು ಅಂಗಡಿಗೆ ಇಬ್ಬರು ಬೇಕು. ಹಳ್ಳಿಯ ಚಿಕ್ಕ ಅಂಗಡಿಯವರು ಚಹಾದ ಮಾಲೆ ತರಲೆಂದೇ ತಾಲ್ಲೂಕು ಕೇಂದ್ರಕ್ಕೆ ಹೋಗುವುದಿಲ್ಲ. ಸೇಲ್ಸ್‌ಮನ್ ಬಂದರೆ ಇಡುತ್ತಾರೆ, ಬಾರದಿದ್ದರೆ ಬಂದವನ ಮಾಲನ್ನು ಇಡುತ್ತಾರೆ. ಅಂಥ ಅಂಗಡಿಯ ಮುಂದೆ ನಿಂತು ನಿಮ್ಮ ಚಹಾ ಯಾಕೆ ಇಲ್ಲ ಎಂದು ಕೇಳಿದರೆ ಸಿಗುವ ಉತ್ತರ ಹೀಗಿರುತ್ತದೆ: ‘ನಿಮ್ಮ ಹುಡುಗ ಎರಡ್ ತಿಂಗಳಾತು ಈ ಕಡಿ ಬಂದೇ ಇಲ್ರಿ. ಮಂದಿ ಕೇಳ್ತಾರ, ಮಾಲ್ ಇಲ್ಲಂದ್ರ ಏನ್ ಕೊಡೂದ್ರಿ?’

ಆದ್ದರಿಂದ ಹುಡುಗಿಯ ಊಹೆ, ಜನವರಿಯಲ್ಲಿ ಆ ಡಿಸ್ಟ್ರಿಬ್ಯೂಟರ್ ಬಳಿ ಇಬ್ಬರು ಸೇಲ್ಸ್‌ಮನ್ ಕಡಿಮೆಯಾಗಿರಬೇಕು. ಸಂದರ್ಶಕರು ಒಪ್ಪುತ್ತಾರೆ, ನಾಲ್ವರಿದ್ದದ್ದು ಇಬ್ಬರಾಗಿದ್ದಾರೆ. ಇಲ್ಲಿಗೆ ನಿಲ್ಲಿಸಿ ‘ಇಬ್ಬರನ್ನು ಮತ್ತೆ ನೇಮಿಸಬೇಕು’ ಎಂದರೆ ಉತ್ತರ ತಪ್ಪಲ್ಲ, ಆದರೆ ಅರ್ಧ. ಡಿಸ್ಟ್ರಿಬ್ಯೂಟರ್ ತಮ್ಮ ವ್ಯಾಪಾರ ತಾವೇ ಏಕೆ ಕಡಿಮೆ ಮಾಡಿಕೊಂಡರು? ಪಕ್ಕಕ್ಕಿಟ್ಟಿದ್ದ ಸ್ಟಾಕಿನ ಸಮಸ್ಯೆ ಇಲ್ಲಿ ಮತ್ತೆ ಎದುರಾಗುತ್ತದೆ.

ಅವರು ತಿಂಗಳಿಗೆ 12 ಟನ್ ಚಹಾ ಮಾರುವವರು. ಕೆಜಿಗೆ 350 ರೂಪಾಯಿಯಂತೆ ಹಿಡಿದರೆ 42 ಲಕ್ಷ ರೂಪಾಯಿಯ ಸರಕು. ಮಾಮೂಲಿಯಾಗಿ ಹದಿನೈದು ದಿನದ ಸ್ಟಾಕು ಇಟ್ಟುಕೊಳ್ಳುತ್ತಿದ್ದರು. ಡಿಸೆಂಬರ್ ಕೊನೆಯಲ್ಲಿ ಅವರ ಗೋದಾಮಿನಲ್ಲಿದ್ದದ್ದು ನಲವತ್ತೈದು ದಿನದ ಸರಕು. ತ್ರೈಮಾಸಿಕದ ಕೊನೆಯ ವಾರದಲ್ಲಿ ಟಾರ್ಗೆಟ್ ಮುಟ್ಟಿಸಬೇಕಾದ ಕಂಪನಿಯ ಅಧಿಕಾರಿ, ಸ್ಕೀಮ್ ತೋರಿಸಿಯೋ ಮುಂದೆ ನೋಡಿಕೊಳ್ಳೋಣ ಎಂದು ಒತ್ತಾಯಿಸಿಯೋ ಹೆಚ್ಚಿಗೆ ಬಿಲ್ ಮಾಡಿಸಿದ್ದಾನೆ. ಇದನ್ನು ಮಾರುಕಟ್ಟೆಯಲ್ಲಿ ಲೋಡಿಂಗ್ ಎನ್ನುತ್ತಾರೆ. ಕಂಪನಿಯ ಪುಸ್ತಕದಲ್ಲಿ ಡಿಸೆಂಬರ್ ಸೊಗಸಾಗಿ ಕಂಡಿತು. ಡಿಸ್ಟ್ರಿಬ್ಯೂಟರ್‌ನ ಒಂದು ತಿಂಗಳ ದುಡ್ಡು, ಅದೇ 42 ಲಕ್ಷ, ಗೋದಾಮಿನಲ್ಲಿ ಸಿಕ್ಕಿಕೊಂಡಿತು. ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ಸಾಲ ತಂದಿದ್ದರೆ ತಿಂಗಳಿಗೆ 42,000 ರೂಪಾಯಿ ಬಡ್ಡಿ. ಹಳ್ಳಿಗಳನ್ನು ಸುತ್ತುವ ಇಬ್ಬರು ಸೇಲ್ಸ್‌ಮನ್‌ಗಳ ಸಂಬಳ, ಪೆಟ್ರೋಲು ಸೇರಿ ತಿಂಗಳಿಗೆ 50,000 ಎಂದುಕೊಂಡರೆ, ಬಡ್ಡಿ ಹೆಚ್ಚುಕಡಿಮೆ ಅಷ್ಟೇ ಆಯಿತು. ಅವರು ಉಳಿಸಲು ನೋಡಿದ್ದು ಅಲ್ಲಿ. ಅಂಗಡಿಯವರಿಗೆ ಕೊಡುತ್ತಿದ್ದ ಉದ್ರಿಯನ್ನೂ ಬಿಗಿ ಮಾಡಿರಬಹುದು.

ಈಗ ಎರಡು ಸಮಸ್ಯೆಗಳು ಒಂದಾದವು. ಡಿಸೆಂಬರ್‌ನಲ್ಲಿ ತುಂಬಿಸಿದ ಸರಕಿನಿಂದಾಗಿ ಜನವರಿಯಿಂದ ಕೊಳ್ಳುವುದು ಕಡಿಮೆಯಾಯಿತು, ಪ್ರೈಮರಿ ಬಿತ್ತು. ಅದೇ ಸರಕಿನಲ್ಲಿ ದುಡ್ಡು ಸಿಕ್ಕಿಕೊಂಡದ್ದರಿಂದ ಸೇಲ್ಸ್‌ಮನ್‌ಗಳು ಹೋದರು, ಅಂಗಡಿಗಳು ತಪ್ಪಿದವು, ಸೆಕೆಂಡರಿ ಬಿತ್ತು. ಸೆಕೆಂಡರಿ ಬಿದ್ದಷ್ಟೂ ಗೋದಾಮಿನ ಸರಕು ಖಾಲಿಯಾಗುವುದು ನಿಧಾನವಾಯಿತು, ಹೊಸ ಖರೀದಿ ಇನ್ನೂ ಮುಂದಕ್ಕೆ ಹೋಯಿತು. ನಲವತ್ತೈದು ದಿನಕ್ಕೆ ಮುಗಿಯಬೇಕಿದ್ದ 18 ಟನ್, ಇಬ್ಬರೇ ಮಾರುವಾಗ ಮೂರು ತಿಂಗಳೂ ನಡೆದಿರುತ್ತದೆ. ಕಂಪನಿಯೇ ಡಿಸೆಂಬರ್‌ನಲ್ಲಿ ಮಾಡಿದ ಕೆಲಸ ಮಾರ್ಚ್‌ನಲ್ಲಿ ‘ಮಾರಾಟ ಬಿದ್ದಿದೆ’ ಎಂಬ ವರದಿಯಾಗಿ ಬಂದಿದೆ. ಇದನ್ನು ಸಂದರ್ಶಕರ ಮುಂದೆ ಹೇಳಲು ಅಭ್ಯರ್ಥಿಗಳು ಅಳುಕುತ್ತಾರೆ, ಕಂಪನಿಯ ತಪ್ಪನ್ನು ಅವರೆದುರೇ ಎತ್ತಿ ಆಡಿದಂತಾಗುತ್ತದೆ ಎಂದು. ಅಳುಕಬೇಕಿಲ್ಲ. ಪ್ರೈಮರಿ, ಸೆಕೆಂಡರಿ ಅಂಕಿಗಳು ಹೇಳುತ್ತಿರುವುದನ್ನು ನಯವಾಗಿ ಮುಂದಿಟ್ಟರೆ ಸಾಕು. ಆ ಕುರ್ಚಿಯಲ್ಲಿ ಕೂತವರು ತಾವೂ ಕೆಲವು ವರ್ಷ ಬೀಟ್ ಸುತ್ತಿ ಬಂದಿರುತ್ತಾರೆ, ಲೋಡಿಂಗ್ ಏನು ಮಾಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಪರಿಹಾರ ಹೇಳುವಾಗಲೂ ಲೆಕ್ಕ ಬೇಕು. ಕೈತಪ್ಪಿದ್ದು ಮೂರು ತಿಂಗಳಿಗೆ 20 ಟನ್. ಎಲೆ, ಪ್ಯಾಕಿಂಗ್, ಸಾಗಣೆ ಕಳೆದು ಕೆಜಿಗೆ 100 ರೂಪಾಯಿ ಕಂಪನಿಗೆ ಉಳಿಯುವುದಾದರೆ 20 ಲಕ್ಷ ರೂಪಾಯಿ. ಇಬ್ಬರು ಸೇಲ್ಸ್‌ಮನ್‌ಗಳ ಖರ್ಚನ್ನು ಮೂರು ತಿಂಗಳು ಪೂರ್ತಿ ಕಂಪನಿಯೇ ಹೊತ್ತರೂ ಒಂದೂವರೆ ಲಕ್ಷ. ಕಳೆದುಕೊಂಡದ್ದರಲ್ಲಿ ಅರ್ಧವೇ ವಾಪಸು ಬಂದರೂ ಹತ್ತು ಲಕ್ಷ. ಇದರ ಜೊತೆಗೆ ಆ ಡಿಸ್ಟ್ರಿಬ್ಯೂಟರ್ ಸ್ಟಾಕು ಹದಿನೈದು ದಿನದ ಮಟ್ಟಕ್ಕೆ ಇಳಿಯುವವರೆಗೆ ಅವರಿಗೆ ಹೊಸದಾಗಿ ಬಿಲ್ ಮಾಡಬಾರದು. ಆ ಭಾಗದ ಅಧಿಕಾರಿಯ ಟಾರ್ಗೆಟ್ಟನ್ನು ಪ್ರೈಮರಿಯಿಂದ ಬಿಡಿಸಿ, ಸೆಕೆಂಡರಿಗೂ ಬಿಲ್ ಆದ ಅಂಗಡಿಗಳ ಸಂಖ್ಯೆಗೂ ಕಟ್ಟಬೇಕು. ಇಲ್ಲದಿದ್ದರೆ ಮುಂದಿನ ತ್ರೈಮಾಸಿಕದ ಕೊನೆಯ ವಾರದಲ್ಲಿ ಅದೇ ಕಥೆ. ಕೇಸಿನಲ್ಲಿ ಜಾಹೀರಾತು, ಹೊಸ ಪೊಟ್ಟಣ, ಸಿನಿಮಾ ತಾರೆ ಯಾವುದೂ ಬರಲಿಲ್ಲ. ಮಾರ್ಕೆಟಿಂಗ್ ಹುದ್ದೆಯ ಸಂದರ್ಶನದಲ್ಲಿ ಪ್ರಚಾರದ ಮಾತೇ ಎತ್ತದಿರುವುದು ಹೇಗೆ ಎಂದು ಕೆಲವರು ಕೊನೆಯಲ್ಲಿ ಒಂದು ಡಿಜಿಟಲ್ ಪ್ರಚಾರವನ್ನು ಸೇರಿಸಿಬಿಡುತ್ತಾರೆ. ಅಂಗಡಿಯಲ್ಲಿ ಸಿಗದ ಚಹಾವನ್ನು ಜಾಹೀರಾತು ಮಾಡಿದರೆ, ಅದನ್ನು ನೋಡಿ ಬಂದ ಗಿರಾಕಿ ಪಕ್ಕದ ಚಹಾ ಕೊಂಡು ಹೋಗುತ್ತಾನೆ.

ಎಲ್ಲ ಕೇಸೂ ಹೀಗೇ ಡಿಸ್ಟ್ರಿಬ್ಯೂಟರ್‌ನ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದುಕೊಂಡರೆ ಅದೂ ಬಾಯಿಪಾಠವೇ. ಪ್ರಶ್ನೆಗಳು ಅವೇ ಇದ್ದರೂ ಉತ್ತರ ಬದಲಾದ ಕಡೆ ದಾರಿ ತಿರುಗುತ್ತದೆ. 2015ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಆದೇಶದಿಂದ ಮ್ಯಾಗಿ ನೂಡಲ್ಸ್ ಅಂಗಡಿಗಳಿಂದ ಮಾಯವಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ತಳ್ಳಿಹಾಕಿ ಹೊಸದಾಗಿ ಪರೀಕ್ಷೆಗೆ ಹೇಳಿತು, ನವೆಂಬರ್‌ನಲ್ಲಿ ಸರಕು ಮತ್ತೆ ಅಂಗಡಿಗೆ ಬಂತು. ಅಲ್ಲಿ ಪ್ರೈಮರಿ, ಸೆಕೆಂಡರಿ, ಮನೆಯ ಖರೀದಿ ಮೂರೂ ಒಟ್ಟಿಗೆ, ಎಲ್ಲ ಜಿಲ್ಲೆಯಲ್ಲೂ, ಎಲ್ಲ ಪೊಟ್ಟಣದಲ್ಲೂ ನಿಂತಿದ್ದವು. ಇಳಿಕೆ ಹಾಗೆ ಒಂದೇ ಸಮನಾಗಿ ಹರಡಿದ್ದರೆ ಬೀಟ್ ಲೆಕ್ಕ ಹಾಕುತ್ತ ಕೂರುವುದರಲ್ಲಿ ಅರ್ಥವಿಲ್ಲ. ಕಾರಣ ಹೊರಗಿನದು ಅಥವಾ ಇಡೀ ಬ್ರ್ಯಾಂಡಿನದು, ಆಗ ನೋಡಬೇಕಾದ್ದು ಜನರ ನಂಬಿಕೆ ಎಷ್ಟು ಉಳಿದಿದೆ ಎಂಬುದನ್ನು. ಪ್ರೈಮರಿ, ಸೆಕೆಂಡರಿ ಎರಡೂ ಚೆನ್ನಾಗಿದ್ದು ಮನೆಯ ಖರೀದಿ ಮಾತ್ರ ಇಳಿಯುತ್ತಿದ್ದರೆ ಅದು ಇನ್ನೂ ಅಪಾಯದ ಸೂಚನೆ. ಸರಕು ಅಂಗಡಿಯ ಕಪಾಟಿನಲ್ಲಿ ಧೂಳು ಹಿಡಿಯುತ್ತಿದೆ, ಕಂಪನಿಗೆ ಅದು ಕಾಣುವ ಹೊತ್ತಿಗೆ ಒಂದೆರಡು ತಿಂಗಳು ಕಳೆದಿರುತ್ತದೆ.

ಕೊನೆಯಲ್ಲಿ ಸಂದರ್ಶಕರು ಸಾಮಾನ್ಯವಾಗಿ ಒಂದು ಸವಾಲು ಹಾಕುತ್ತಾರೆ. ‘ನಿಮ್ಮ ಊಹೆ ತಪ್ಪಾಗಿದ್ದರೆ?’ ಇದಕ್ಕೂ ಉತ್ತರ ಕೇಸಿನೊಳಗೇ ಇದೆ. ಸೇಲ್ಸ್‌ಮನ್ ಮತ್ತೆ ಬೀಟಿಗೆ ಹೋದ ಮೊದಲ ಹದಿನೈದು ದಿನದಲ್ಲಿ ಎಂಟುನೂರರಲ್ಲಿ ಬಹಳಷ್ಟು ಅಂಗಡಿಗಳು ಮಾಲು ಕೊಂಡೇ ಕೊಳ್ಳುತ್ತವೆ. ಅದನ್ನು ಗೆಲುವೆಂದು ಎಣಿಸುವಂತಿಲ್ಲ, ಖಾಲಿ ಕಪಾಟು ತುಂಬಿತು ಅಷ್ಟೆ. ನೋಡಬೇಕಾದ್ದು ಎರಡನೆಯ, ಮೂರನೆಯ ಭೇಟಿ, ಅಂದರೆ ಆರನೆಯ ವಾರದ ಹೊತ್ತಿಗೆ ಸಿಗುವ ಲೆಕ್ಕ. ಅದೇ ಅಂಗಡಿಗಳು ಮತ್ತೆ ಮತ್ತೆ ಕೊಂಡರೆ, ಅಂಗಡಿಯೊಂದಕ್ಕೆ ತಿಂಗಳಿಗೆ ಎಂಟು ಕೆಜಿಯ ಹಳೆಯ ಮಟ್ಟ ಹತ್ತಿರ ಬಂದರೆ, ಊಹೆ ಸರಿ. ಒಮ್ಮೆ ಕೊಂಡು ‘ಹೋದ ಸಲದ್ದೇ ಅದ ರಿ’ ಎಂದು ಕೈಯಾಡಿಸಿದರೆ, ಸೇಲ್ಸ್‌ಮನ್ ಇಲ್ಲದ ಆ ಮೂರು ತಿಂಗಳಲ್ಲಿ ಗಿರಾಕಿಗೆ ಬೇರೆ ಚಹಾ ರೂಢಿಯಾಗಿದೆ. ಆಗ ಆ ತೂಗಾಡುವ ಮಾಲೆ ಯಾರದು, ಅದರಲ್ಲಿ ಅಂಗಡಿಯವನಿಗೆ ಎಷ್ಟು ಉಳಿಯುತ್ತದೆ, ಅದರ ಪೊಟ್ಟಣದಲ್ಲಿ ಎಷ್ಟು ಗ್ರಾಂ ಇದೆ ಎಂದು ನೋಡುವ ಕೆಲಸ ಶುರುವಾಗುತ್ತದೆ. ಬೆಲೆ, ಉತ್ಪನ್ನ, ಪ್ರಚಾರದ ಮಾತು ಆಡಲು ಅದು ಸರಿಯಾದ ಹೊತ್ತು.